ಎದುರಿಗೆ ಯಾರು ಕೂತಿದ್ದರು?
ದಢೇಸುಗೂರಿನ ಮನೆಯೊಂದರಲ್ಲಿ ಮೂರು ತಲೆಮಾರುಗಳ ಬೀಸುವ ಪದಗಳನ್ನು ಹೋಲಿಸುವ ಬಗೆ

ಕನ್ನಡ ಸಾಹಿತ್ಯವನ್ನು ಅಭ್ಯಾಸಮಾಡುವ ಪದವಿ ವಿದ್ಯಾರ್ಥಿಗಳಿಗೆ ಯೋಜನಾಕಾರ್ಯವೊಂದನ್ನು ವಿಧಿಸುವ ಪದ್ಧತಿ ಈಗ ರೂಢಿಯಾಗಿದ್ದು, ಅದಕ್ಕಾಗಿ ಸೂಚಿಸಲ್ಪಡುವ ವಿಷಯಗಳಲ್ಲಿ ಒಂದು ಮನೆತನದ ಮೂರು ತಲೆಮಾರುಗಳ ಜನಪದ ಗೀತೆಗಳ ತೌಲನಿಕ ಅಧ್ಯಯನವೆಂಬುದೂ ಒಂದು. ವಿಷಯವೇನೋ ಸೊಗಸಾದುದು. ಆದರೆ ಅದು ಸಾಮಾನ್ಯವಾಗಿ ಸಾಗುವ ಬಗೆ ಹೀಗಿರುತ್ತದೆ: ಅಜ್ಜಿಯ ಬಾಯಿಂದ ಹಲವು ಪದಗಳನ್ನೂ, ತಾಯಿಯಿಂದ ಕೆಲವನ್ನೂ, ಮಗಳಿಂದ ಒಂದೆರಡನ್ನೂ ಬರೆದುಕೊಂಡು, ಮೂರು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದಕ್ಕಿಂತ ಒಂದು ಕಿರಿದಾದುದನ್ನು ಕಂಡು, ನಮ್ಮ ಹಾಡಿನ ಸಂಪತ್ತು ನಶಿಸುತ್ತಿದೆಯೆಂಬ ವ್ಯಥೆಯೊಡನೆ ಪ್ರಬಂಧವನ್ನು ಮುಗಿಸುವುದು. ವ್ಯಥೆ ಪ್ರಾಮಾಣಿಕವಾದುದೇ ಆದರೂ, ಅದನ್ನು ಹೇಳುವುದಕ್ಕೆ ಯಾರ ಮನೆಗೂ ಹೋಗಬೇಕಾದ ಆವಶ್ಯಕತೆಯಿರಲಿಲ್ಲ. ಹೋಗುವುದಕ್ಕೆ ಮುಂಚೆಯೇ ಅದು ಗೊತ್ತಿತ್ತು.

ಈ ಬಗೆಯ ಅಧ್ಯಯನದ ಬುಡದಲ್ಲಿಯೇ ಪರೀಕ್ಷಿಸದೆ ಬಿಟ್ಟ ನಂಬಿಕೆಯೊಂದಿದೆ. ಮನೆಯ ಆಸ್ತಿಯಂತೆ ಮನೆಯ ಹಾಡೂ ಹಿರಿಯರಿಂದ ಕಿರಿಯರಿಗೆ ಒಂದೇ ಸೂರಿನಡಿಯಲ್ಲಿ ಇಳಿದುಬರುತ್ತದೆಂಬುದು ಆ ನಂಬಿಕೆ. ಗಂಡಸರ ಪದಗಳ ವಿಷಯದಲ್ಲಿ ಅದು ಒಂದು ಮಟ್ಟಿಗೆ ನಿಜವಾಗಬಹುದು. ಹೆಂಗಸರ ಪದಗಳ ವಿಷಯದಲ್ಲಿ, ಅದರಲ್ಲಿಯೂ ಬೀಸುವ ಕಲ್ಲಿನ ಮುಂದೆ ಹುಟ್ಟಿ ಬೆಳೆದ ತ್ರಿಪದಿಗಳ ವಿಷಯದಲ್ಲಿ, ಅದು ಪ್ರಾಯಶಃ ಸುಳ್ಳು. ಹೇಗೆಂಬುದನ್ನು ವಿವರಿಸುವುದಕ್ಕೆ ದಢೇಸುಗೂರಿನಂತಹ ಊರಿಗಿಂತ ತಕ್ಕ ಸ್ಥಳ ಸಿಕ್ಕುವುದು ಕಷ್ಟ.

ಸಿಂಧನೂರಿನಿಂದ ಸಿರುಗುಪ್ಪದ ಕಡೆಗೆ ಹೋಗುವ ಹಾದಿಯಲ್ಲಿ ತುಂಗಭದ್ರೆಯ ಎಡದಂಡೆಗೆ ಈ ಊರಿದೆ. ರಾಜ್ಯಗಳ ಪುನರ್ವಿಂಗಡಣೆಗೆ ಮುಂಚೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಸೀಮೆ. ಹೊಳೆಯ ಆಚೆಯ ಬಳ್ಳಾರಿ ಸೀಮೆ ಮದರಾಸು ಪ್ರಾಂತಕ್ಕೆ ಸೇರಿದ್ದುದು. ಆಚೆಯ ದಂಡೆಯಿಂದ ಈಚೆಗೆ ಸೊಸೆಯಾಗಿ ಬಂದ ಹೆಣ್ಣೊಬ್ಬಳು ಒಂದು ಹೊಳೆಯನ್ನು ಮಾತ್ರವಲ್ಲದೆ ಒಂದು ಸರಕಾರದ ಗಡಿಯನ್ನೂ ದಾಟಿ ಬರುತ್ತಿದ್ದಳು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿಯತೊಡಗಿ, ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಹಂತಹಂತವಾಗಿ ಈ ಕಡೆಯ ಹೊಲಗಳನ್ನು ಮುಟ್ಟಿದ ಮೇಲೆ, ಬಿಳಿಜೋಳ, ಹತ್ತಿ, ಸಜ್ಜೆ, ನವಣೆಗಳ ಎರೆಭೂಮಿಯಲ್ಲಿ ನೆಲ್ಲು ನಿಂತಿತು. ಕಾಲುವೆಯನ್ನು ಯೋಜಿಸಿದವರ ಎಣಿಕೆಯಲ್ಲಿ ಹೆಚ್ಚು ಭಾಗದ ಭೂಮಿಗೆ ಸಲ್ಲಬೇಕಾಗಿದ್ದುದು ಜೋಳ, ಹತ್ತಿಗಳಂತಹ ಹಗುರ ನೀರಾವರಿಯ ಬೆಳೆಯೇ. ಆದರೆ ಕೃಷ್ಣಾ ಗೋದಾವರಿಗಳ ಮುಖಜ ಪ್ರದೇಶದಿಂದ ಬಂದು ಭೂಮಿಯನ್ನು ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡ ಒಕ್ಕಲಿಗರು ನೆಲ್ಲಿನ ಬೇಸಾಯವನ್ನು ತಂದರು. ಸ್ಥಳೀಯರೂ ಅದನ್ನು ಅನುಸರಿಸಿದರು. ಹೀಗೆ ಒಬ್ಬ ಮುದುಕಿಯ ಜೀವಿತಾವಧಿಯಲ್ಲಿಯೇ ಹೊಲ, ಬೆಳೆ, ಊಟ, ಕೆಲಸದ ಹೊತ್ತು, ಕೇಳಿಬರುವ ಭಾಷೆಗಳು ಎಲ್ಲವೂ ಮಾರ್ಪಾಟಾದ ಊರು ಇದು. ಇಲ್ಲಿಂದ ಪಶ್ಚಿಮಕ್ಕೆ ಮಸ್ಕಿಯನ್ನು ದಾಟಿ ಲಿಂಗಸುಗೂರು, ಮುದಗಲ್ಲುಗಳ ಕಡೆಗೆ ಹೋದರೆ, ಮಳೆಯನ್ನೇ ನಂಬಿ ಜೋಳ ತೊಗರಿಗಳನ್ನು ಬಿತ್ತುವ ಒಣಭೂಮಿಯ ಹಳ್ಳಿಗಳು ಇಂದಿಗೂ ಕಾಣುತ್ತವೆ.

ಆ ಒಣಭೂಮಿಯ ಹೆಣ್ಣುಮಕ್ಕಳೂ ಈ ನೀರಾವರಿಯ ಊರಿಗೆ ಸೊಸೆಯರಾಗಿ ಬರುತ್ತಾರೆ. ನಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲಿಯೇ. ಲೆಕ್ಕಕ್ಕೆಂದು ದಢೇಸುಗೂರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎಂಬತ್ತರ ಆಸುಪಾಸಿನ ಮುದುಕಿ ಮುದಗಲ್ಲಿನ ಸೀಮೆಯಲ್ಲಿ ಹುಟ್ಟಿ, ಕಾಲುವೆಯ ನೀರು ಆಗತಾನೆ ಕಾಣಿಸಿಕೊಳ್ಳುತ್ತಿದ್ದ ಕಾಲದಲ್ಲಿ ಮದುವೆಯಾಗಿ ಇಲ್ಲಿಗೆ ಬಂದವಳು. ಅವಳ ಸೊಸೆಗೆ ಐವತ್ತು ದಾಟಿದೆ. ಆ ಸೊಸೆಯ ತವರು ಮಸ್ಕಿಯ ಬಳಿಯ ಹಳ್ಳಿ. ಮೊಮ್ಮಗಳು ಇಲ್ಲಿಯೇ ಹುಟ್ಟಿ, ಸಿಂಧನೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಇವರು ಮೂವರೂ ಒಂದೇ ಮನೆಯವರು, ಮೂರು ತಲೆಮಾರಿನವರು. ಆದರೆ ಮುದುಕಿಗೆ ಪದಗಳು ಬಂದುದು ಮುದಗಲ್ಲಿನ ಸೀಮೆಯ ತನ್ನ ತಾಯಿಯಿಂದ, ಸೊಸೆಗೆ ಬಂದುದು ಮಸ್ಕಿಯ ಕಡೆಯ ತನ್ನ ತಾಯಿಯಿಂದ. ಇವರಿಬ್ಬರ ಪದಗಳಲ್ಲಿ ಕಾಣುವ ವ್ಯತ್ಯಾಸ ಕಾಲದಿಂದಾದುದೇ ಅಥವಾ ಊರಿನಿಂದಾದುದೇ ಎಂಬುದನ್ನು ಮೂರು ಪಟ್ಟಿಗಳು ಎಂದಿಗೂ ಹೇಳಲಾರವು. ಮುದುಕಿಯ ಪದಗಳ ನಿಜವಾದ ವಾರಸುದಾರಳು ಈ ಮನೆಯಲ್ಲಿ ಇಲ್ಲದೆಯೂ ಇರಬಹುದು. ಆಕೆ ಮದುವೆಯಾಗಿ ಹೊಳೆಯ ಆಚೆಗೋ ಮಾನ್ವಿಯ ಕಡೆಗೋ ಹೋದ ಮಗಳಾಗಿರಬಹುದು.

ಆದುದರಿಂದ ಈ ಅಧ್ಯಯನವನ್ನು ಕೈಗೊಳ್ಳುವ ವಿದ್ಯಾರ್ಥಿ ಮೊದಲು ಬರೆಯಬೇಕಾದುದು ಹಾಡುಗಳನ್ನಲ್ಲ, ಎರಡು ವಂಶವೃಕ್ಷಗಳನ್ನು. ಮೊದಲನೆಯದು ಮನೆತನದ್ದು, ಅದರಲ್ಲಿ ಪ್ರತಿಯೊಬ್ಬ ಹೆಣ್ಣಿನ ಹೆಸರಿನ ಕೆಳಗೆ ತವರೂರು, ಮದುವೆಯಾಗಿ ಬಂದ ಸುಮಾರು ವರ್ಷ, ಗಂಡನ ಮನೆಯ ಊರು ಇರತಕ್ಕದ್ದು. ಎರಡನೆಯದು ಹಾಡಿನದು, ಯಾವ ಪದ ಯಾರ ಬಾಯಿಂದ ಯಾರ ಕಿವಿಗೆ ಬಂತೆಂಬುದನ್ನು ಅದು ತೋರಿಸಬೇಕು. ಇವೆರಡೂ ಕೂಡಿಬರುವ ಸಂದರ್ಭಗಳೂ ಉಂಟು. ನಮ್ಮ ಕಡೆಯ ಅನೇಕ ಸಮುದಾಯಗಳಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ ರೂಢಿ ಬಹುಕಾಲದಿಂದ ಇದ್ದುದರಿಂದ, ಅಂತಹ ಮನೆಯಲ್ಲಿ ಸೊಸೆಗೆ ಅತ್ತೆಯೇ ತಾಯಿಯ ತಾಯಿಯೂ ಆಗಿರುತ್ತಾಳೆ. ಹೊರಗೆ ಹೋದ ಪದ ಒಂದು ತಲೆಮಾರಿನ ಬಳಿಕ ಮೊಮ್ಮಗಳ ಬಾಯಲ್ಲಿ ಅದೇ ಮನೆಯ ಅದೇ ಕಲ್ಲಿಗೆ ಮರಳಿ ಬರುತ್ತದೆ. ಅಂತಹ ಮನೆಯೊಂದನ್ನೂ, ಹೊರಗಿನಿಂದ ಸೊಸೆಯರನ್ನು ತಂದ ಮನೆಯೊಂದನ್ನೂ ಅದೇ ಓಣಿಯಲ್ಲಿ ಆರಿಸಿಕೊಂಡು ಹೋಲಿಸಿದರೆ, ಅತ್ತೆ ಸೊಸೆಯರ ಪದಗಳು ಯಾವ ಮನೆಯಲ್ಲಿ ಹೆಚ್ಚು ಹೋಲುತ್ತವೆಂಬುದು ತಿಳಿಯುತ್ತದೆ. ರಕ್ತಸಂಬಂಧ ಹಾಡನ್ನು ಎಷ್ಟರಮಟ್ಟಿಗೆ ಕಾಯುತ್ತದೆ, ಒಟ್ಟಿಗೆ ಬದುಕುವುದು ಎಷ್ಟರಮಟ್ಟಿಗೆ ಕಾಯುತ್ತದೆ ಎಂಬುದನ್ನು ಬೇರೆಬೇರೆಯಾಗಿ ಅಳೆಯುವ ದಾರಿಯೊಂದು ಅಲ್ಲಿ ತೆರೆಯುತ್ತದೆ. ನನ್ನ ದೃಷ್ಟಿಯಲ್ಲಿ ಈ ವಿಷಯದ ಅತ್ಯುತ್ತಮ ಯೋಜನೆ ಇದೇ.

ಇನ್ನು ಕೇಳುವ ಬಗೆ. ಈ ಪದವನ್ನು ಯಾರು ಕಲಿಸಿದರೆಂದು ನೇರವಾಗಿ ಕೇಳಿದರೆ ಬರುವ ಉತ್ತರ ಬಹುಶಃ ಹೀಗಿರುತ್ತದೆ: "ಯಾರು ಕಲಸ್ತಾರಪ, ಬೀಸಾಕ ಕುಂತ್ರ ತಾವಾ ಬರ್ತಾವ." ಇದು ನುಣುಚಿಕೊಳ್ಳುವ ಮಾತಲ್ಲ. ಕಲಿಕೆಯೆಂದು ಬೇರೊಂದು ಕಾಲವೂ ಗುರುವೂ ಇರದೆ, ಕೆಲಸದೊಳಗೇ ಕಲಿತವರು ಕೊಡಬಹುದಾದ ನಿಜವಾದ ಉತ್ತರವೇ ಅದು. ಆದ್ದರಿಂದ ಪ್ರಶ್ನೆಯನ್ನು ತಿರುಗಿಸಬೇಕು: "ಅವ್ವಾ, ನೀವು ಬೀಸಾಕ ಕುಂತಾಗ ನಿಮ್ಮ ಎದುರಿಗೆ ಯಾರು ಕುಂದ್ರತಿದ್ರು?" ಬೀಸುಕಲ್ಲಿಗೆ ಎರಡೂ ಕಡೆಯಲ್ಲಿ ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು, ಒಂದೇ ಗೂಟವನ್ನು ಹಿಡಿದು ತಿರುಗಿಸುತ್ತ, ಒಂದು ಕೈಯಿಂದ ಕಲ್ಲಿನ ಬಾಯಿಗೆ ಕಾಳು ಹಾಕುತ್ತ, ಒಬ್ಬಳು ಎತ್ತಿಕೊಂಡುದನ್ನು ಮತ್ತೊಬ್ಬಳು ಮುಂದುವರಿಸುತ್ತ ಹಾಡುತ್ತಿದ್ದರು. ಎದುರಿಗೆ ಕುಳಿತವಳು ಅತ್ತೆಯಾಗಿರಬಹುದು, ನಾದಿನಿಯಾಗಿರಬಹುದು, ನೆಗೆಣ್ಣಿಯಾಗಿರಬಹುದು, ನೆರೆಮನೆಯವಳಾಗಿರಬಹುದು. ಪದ ದಾಟುತ್ತಿದ್ದುದು ಆ ಕಲ್ಲಿನ ಮೇಲೆಯೇ. ಆ ಪ್ರಶ್ನೆಯಿಂದ ಒಂದೊಂದಾಗಿ ಹೆಸರುಗಳು ಹೊರಬರುತ್ತವೆ, ಹೆಸರಿನ ಹಿಂದೆ ಊರು ಬರುತ್ತದೆ, ಊರಿನ ಹಿಂದೆ ಆಕೆ ಹಾಡುತ್ತಿದ್ದ ಧಾಟಿ ನೆನಪಿಗೆ ಬರುತ್ತದೆ.

ಮಹಾರಾಷ್ಟ್ರದಲ್ಲಿ ಗೀ ಪ್ವಾತ್ವ್ಯಾಁ ಮತ್ತು ಹೇಮಾ ರಾಯಿರ್ಕರ್ ಎಂಬ ಇಬ್ಬರು ವಿದ್ವಾಂಸರು ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಆರಂಭಿಸಿದ ಬೀಸುಕಲ್ಲಿನ ಹಾಡುಗಳ ಸಂಗ್ರಹ ಒಂದು ಲಕ್ಷವನ್ನು ಮೀರಿತು. 2017ರಿಂದ ಆ ಹಾಡುಗಳು ಸಾರ್ವಜನಿಕರಿಗೆ ಧ್ವನಿಸಹಿತವಾಗಿ ದೊರೆಯುತ್ತಿವೆ. ಅದರಲ್ಲಿ ನಮ್ಮ ವಿದ್ಯಾರ್ಥಿಗಳು ಅನುಸರಿಸಬೇಕಾದ ಗುಣವೆಂದರೆ ಹಾಡಿನೊಡನೆ ಹಾಡಿದವಳ ಹೆಸರನ್ನೂ ಊರನ್ನೂ ಬಿಡದೆ ದಾಖಲಿಸಿರುವುದು. ನಮ್ಮ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಕನ್ನಡಿಗರ ಕಣ್ಣನ್ನು ತೆರೆಸಿದ ಗ್ರಂಥ. ಆದರೆ ಯಾವ ತ್ರಿಪದಿ ಯಾವ ಹೆಣ್ಣಿನಿಂದ ಯಾವಳಿಗೆ ಬಂತೆಂಬುದನ್ನು ಅರಸುವುದು ಆ ಸಂಕಲನದ ಉದ್ದೇಶವಾಗಿರಲಿಲ್ಲ. ಆ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಪದಗಳನ್ನು ಧ್ವನಿಮುದ್ರಿಸಿಕೊಳ್ಳುವಾಗ ಮೂವರನ್ನೂ ಒಟ್ಟಿಗೆ ಕೂರಿಸುವುದು ಮೊದಲನೆಯ ಪ್ರಮಾದ. ಹಿರಿಯಳಿರುವಲ್ಲಿ ಕಿರಿಯಳು ಬಾಯಿ ಬಿಡಳು, ಬಿಟ್ಟರೂ ನಡುವೆಯೇ ತಿದ್ದಲ್ಪಡುವಳು; ಕಡೆಗೆ ದೊರೆಯುವುದು ಒಂದೇ ತಲೆಮಾರಿನ ಪಾಠ. ಮೊದಲು ಒಬ್ಬೊಬ್ಬರನ್ನು ಬೇರೆಬೇರೆಯಾಗಿ ಹಾಡಿಸಿಕೊಂಡು, ಅನಂತರ ಮತ್ತೊಂದು ದಿನ ಮೂವರನ್ನೂ ಒಂದೆಡೆ ಸೇರಿಸಿದರೆ, ಆಗ ನಡೆಯುವ ತಿದ್ದುವಿಕೆ ಮತ್ತು ವಾಗ್ವಾದಗಳು ಅಮೂಲ್ಯವಾದ ಸಾಮಗ್ರಿಯಾಗುತ್ತವೆ. ಅತ್ತೆ ಯಾವುದನ್ನು ತಪ್ಪೆಂದಳು, ಯಾವ ಬದಲಾವಣೆಯನ್ನು ಗಮನಿಸದೆಯೇ ಬಿಟ್ಟಳು ಎಂಬುದನ್ನು ಗುರುತು ಹಾಕಿಕೊಂಡರೆ, ಆ ಹಾಡಿನಲ್ಲಿ ಯಾವುದು ಅಲುಗಬಾರದ ಭಾಗ, ಯಾವುದು ಅಲುಗಬಹುದಾದ ಭಾಗವೆಂಬ ಅವರದೇ ತೀರ್ಮಾನ ನಮಗೆ ದೊರೆಯುತ್ತದೆ.

ಎರಡನೆಯ ಪ್ರಮಾದ ಇನ್ನೂ ಸೂಕ್ಷ್ಮವಾದುದು. ಅಜ್ಜಿಯಿಂದ ಒಮ್ಮೆ, ಸೊಸೆಯಿಂದ ಒಮ್ಮೆ ಪದವನ್ನು ಪಡೆದು, ಎರಡರ ನಡುವಿನ ಭೇದವನ್ನೆಲ್ಲ ತಲೆಮಾರಿನ ಭೇದವೆಂದು ಎಣಿಸುವುದು ಸುಲಭ. ಆದರೆ ಅದೇ ಅಜ್ಜಿ ಅದೇ ಪದವನ್ನು ಹದಿನೈದು ದಿನಗಳ ಬಳಿಕ ಹಾಡಿದರೆ ಅದು ಮೊದಲಿನಂತೆಯೇ ಇರುತ್ತದೆಯೇ? ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1933 ಮತ್ತು 1935ರ ನಡುವೆ ಯುಗೋಸ್ಲಾವಿಯದ ಹಳ್ಳಿಗಳಲ್ಲಿ ವೀರಗಾಥೆಗಳ ಗಾಯಕರ ಹಾಡನ್ನು ಮುದ್ರಿಸಿಕೊಂಡಾಗಲೂ, ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ ಆ ಕೆಲಸವನ್ನು ಮುಂದುವರಿಸಿ 1960ರಲ್ಲಿ ಗ್ರಂಥರೂಪಕ್ಕೆ ತಂದಾಗಲೂ ಕಂಡ ಸಂಗತಿ ಇದು: ಒಂದು ಅಕ್ಷರವೂ ಬದಲಾಗದಂತೆ ಹಾಡುತ್ತೇನೆಂದು ಮನಃಪೂರ್ವಕವಾಗಿ ನಂಬಿದ ಗಾಯಕನ ಎರಡು ಹಾಡಿಕೆಗಳು ಸಹ ಮಾತುಮಾತಿಗೆ ಒಂದಾಗಿರಲಿಲ್ಲ. ಆತ ಸುಳ್ಳು ಹೇಳಿದವನಲ್ಲ; ಒಂದೇ ಎಂಬುದಕ್ಕೆ ಅವನ ಅಳತೆ ಬೇರೆ, ಬರೆಯುವವರ ಅಳತೆ ಬೇರೆ. ನಮ್ಮ ತ್ರಿಪದಿ ಅಷ್ಟು ದೀರ್ಘವಾದುದಲ್ಲವಾದ್ದರಿಂದ ಇಲ್ಲಿ ವ್ಯತ್ಯಾಸ ಕಡಮೆಯಿರಬಹುದಾದರೂ ಇಲ್ಲದೆ ಹೋಗುವುದಿಲ್ಲ. ಆದ್ದರಿಂದ ಪ್ರತಿಯೊಬ್ಬಳಿಂದಲೂ ಅದೇ ಪದವನ್ನು ಎರಡು ಸಲ, ನಡುವೆ ಒಂದೆರಡು ವಾರಗಳ ಅಂತರ ಕೊಟ್ಟು, ಹಾಡಿಸಿಕೊಳ್ಳತಕ್ಕದ್ದು. ಒಬ್ಬಳೇ ಹಾಡಿದ ಎರಡು ಪಾಠಗಳ ನಡುವಿನ ಭೇದಕ್ಕಿಂತ, ಇಬ್ಬರು ಹಾಡಿದ ಪಾಠಗಳ ನಡುವಿನ ಭೇದ ಸ್ಪಷ್ಟವಾಗಿ ಮಿಗಿಲಾಗಿದ್ದರೆ ಮಾತ್ರ ತಲೆಮಾರಿನ ಮಾತನ್ನು ಎತ್ತುವ ಅಧಿಕಾರ ನಮಗೆ ಬರುತ್ತದೆ.

ಹಾಡಿಸುವುದೆಂದರೆ ಹಾಡಿಸುವುದೇ, ಹೇಳಿಸಿ ಬರೆದುಕೊಳ್ಳುವುದಲ್ಲ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ಮೂರನೆಯ ಸಾಲಿಗೆ ಇಳಿಯುವುದರಿಂದ, ಪುಸ್ತಕದ ಮೂರು ಸಾಲು ಕಿವಿಗೆ ನಾಲ್ಕಾಗಿ ಕೇಳಿಸುತ್ತದೆ. ಬಾಯಿಮಾತಿನಲ್ಲಿ ಹೇಳೆಂದರೆ ಆ ಪುನರಾವೃತ್ತಿ ಉದುರಿಹೋಗುತ್ತದೆ, ಎಳೆತ ಮರೆಯಾಗುತ್ತದೆ, ಎಷ್ಟೋ ವೇಳೆ ಒಂದು ಪದವೇ ತಪ್ಪಿಹೋಗಿ ಹಾಡುವವಳೂ ತಡವರಿಸುತ್ತಾಳೆ. ಮನೆಯ ಮೂಲೆಯಲ್ಲಿ ಕಲ್ಲು ಇನ್ನೂ ಉಳಿದಿದ್ದರೆ ಅದರ ಮುಂದೆ ಕೂರಿಸಿ, ಒಂದು ಹಿಡಿ ಜೋಳವನ್ನೋ ಕಡಲೆಯನ್ನೋ ಹಾಕಿ ತಿರುಗಿಸಿದರೆ, ಕೈಯ ಚಲನೆಯೊಡನೆ ನಾಲಗೆಗೂ ಲಯ ಮರಳುತ್ತದೆ. ಬರೆಯುವಾಗ ಅವರ ಉಚ್ಚಾರಣೆಯನ್ನು ಗ್ರಂಥದ ಕನ್ನಡಕ್ಕೆ ತಿದ್ದಬಾರದು. ತಿದ್ದಿದೊಡನೆ ಮುದಗಲ್ಲಿನ ನಾಲಗೆಗೂ ಮಸ್ಕಿಯ ನಾಲಗೆಗೂ ಇರುವ ಅಂತರ ಅಳಿಸಿಹೋಗಿ, ನಾವು ಹುಡುಕಹೊರಟ ಸಾಕ್ಷ್ಯವನ್ನು ನಾವೇ ನಾಶಮಾಡಿದಂತಾಗುತ್ತದೆ.

ಈಗ ಹೋಲಿಕೆಯ ಮಾತು. ಇಲ್ಲಿ ಛಂದಸ್ಸಿನ ಅಲ್ಪಜ್ಞಾನ ಬಹಳ ಉಪಕಾರ ಮಾಡುತ್ತದೆಯೆಂಬುದನ್ನು ನಾನು ಒತ್ತಿಹೇಳುತ್ತೇನೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ, ಎಂದರೆ ಸುಮಾರು ಕ್ರಿ.ಶ. 700ರಿಂದ, ಬಾಳಿಬಂದಿರುವ ನಮ್ಮ ತ್ರಿಪದಿಯಲ್ಲಿ ಒಟ್ಟು ಹನ್ನೊಂದು ಅಂಶಗಣಗಳು. ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಮೂರನೆಯದರಲ್ಲಿ ಮೂರು. ಇವುಗಳಲ್ಲಿ ಆರನೆಯ ಮತ್ತು ಹತ್ತನೆಯ ಗಣಗಳು, ಎಂದರೆ ಎರಡನೆಯ ಮತ್ತು ಮೂರನೆಯ ಸಾಲುಗಳ ಎರಡನೆಯ ಸ್ಥಾನಗಳು, ಎರಡಂಶದ ಬ್ರಹ್ಮಗಣಗಳು. ಉಳಿದ ಒಂಬತ್ತೂ ಮೂರಂಶದ ವಿಷ್ಣುಗಣಗಳು. ಪಂಡಿತರ ಈ ಲೆಕ್ಕ ಬೀಸುವವಳಿಗೆ ತಿಳಿಯದು; ಆದರೆ ಅವಳ ಕಿವಿ ಅದನ್ನು ಪಾಲಿಸುತ್ತದೆ.

ನಮ್ಮ ಕಲ್ಪಿತ ಮನೆಗೆ ಹಿಂದಿರುಗೋಣ. ತವರಿನ ಹೊಲದಲ್ಲಿ ಬೆಳೆ ತುಂಬಿ ನಿಂತಿರುವುದನ್ನೂ, ಅಣ್ಣ ಬಂಡಿ ಕಟ್ಟಿಕೊಂಡು ಕರೆಯಲು ಬರುವುದನ್ನೂ ಹೇಳುವ ಒಂದು ಪದವನ್ನು ಅಜ್ಜಿ ಹಾಡುತ್ತಾಳೆನ್ನೋಣ. ಅದರಲ್ಲಿ ಜೋಳವೆಂಬುದು ಆರನೆಯ ಗಣದಲ್ಲಿ, ಬಂಡಿಯೆಂಬುದು ಹತ್ತನೆಯ ಗಣದಲ್ಲಿ ಕುಳಿತಿರಲಿ. ಎರಡೂ ಒಂದು ಗುರು, ಒಂದು ಲಘುವುಳ್ಳ ಪದಗಳು, ಬ್ರಹ್ಮಗಣಕ್ಕೆ ಸರಿಹೊಂದುವಂಥವು. ಸೊಸೆಯ ಬಾಯಲ್ಲಿ ಜೋಳದ ಜಾಗಕ್ಕೆ ನೆಲ್ಲು ಬಂದರೆ ಅದೂ ಗುರು ಲಘುವೇ. ಬಂಡಿಯ ಜಾಗಕ್ಕೆ ಬಸ್ಸು ಬಂದರೆ ಅದೂ ಗುರು ಲಘುವೇ. ಹತ್ತಿ, ಸಜ್ಜೆ, ಅಕ್ಕಿ, ಕಾರು, ಎಲ್ಲವೂ ಆ ಸ್ಥಾನದಲ್ಲಿ ನಿರಾಯಾಸವಾಗಿ ಕೂರುತ್ತವೆ. ಮೂರು ಲಘುಗಳ ನವಣೆ ಕೂಡ ಬ್ರಹ್ಮಗಣವೇ. ಬೇಸಾಯ ಮಾರ್ಪಟ್ಟರೂ ಧಾಟಿ ಮುರಿಯದೆ ಹಾಡು ಬಾಳುವುದಕ್ಕೆ ಕಾರಣಗಳಲ್ಲಿ ಇದೂ ಒಂದು: ಲೋಕದ ವಸ್ತುಗಳು ಬದಲಾಗಬಹುದಾದ ಕಡೆಗಳಲ್ಲಿ ಛಂದಸ್ಸು ತಡೆಯೊಡ್ಡುವುದಿಲ್ಲ.

ಆದರೆ ಅಣ್ಣ ಟ್ಯಾಕ್ಟರಿನಲ್ಲಿ ಬರಬೇಕಾದರೆ? ನಮ್ಮ ಜನ ಉಚ್ಚರಿಸುವಂತೆ ಟ್ಯಾಕ್ಟರು ಎಂಬುದು ಒಂದು ಗುರು, ಎರಡು ಲಘುಗಳ ಪದ. ಅದು ವಿಷ್ಣುಗಣದ ರೂಪ. ಬಂಡಿ ಬಿಟ್ಟ ಹತ್ತನೆಯ ಸ್ಥಾನದಲ್ಲಿ ಅದು ಹಿಡಿಸುವುದಿಲ್ಲ. ಹಾಡುವವಳು ಒಂದೋ ಅದನ್ನು ನುಂಗಿ ಹ್ರಸ್ವಗೊಳಿಸಬೇಕು, ಅಥವಾ ಸಾಲನ್ನು ತಿರುವಿ ಅದನ್ನು ಬೇರೆ ಸ್ಥಾನಕ್ಕೆ ಕೊಂಡೊಯ್ಯಬೇಕು, ಇಲ್ಲವೇ ಟ್ಯಾಕ್ಟರನ್ನು ಬಿಟ್ಟು ಹಳೆಯ ಬಂಡಿಯನ್ನೇ ಉಳಿಸಿಕೊಳ್ಳಬೇಕು. ಮನೆಯ ಮುಂದೆ ಟ್ಯಾಕ್ಟರು ನಿಂತಿದ್ದರೂ ಹಾಡಿನಲ್ಲಿ ಬಂಡಿಯೇ ಓಡುತ್ತಿದ್ದರೆ, ಅದನ್ನು ಹಳೆಯದರ ಮೇಲಿನ ಮಮತೆಯೆಂದು ಬರೆಯುವ ಮೊದಲು, ಛಂದಸ್ಸಿನ ತಡೆಯೋ ಎಂದು ಪರೀಕ್ಷಿಸಬೇಕು. ಪರೀಕ್ಷೆಯ ಕ್ರಮ ಕಠಿಣವಲ್ಲ: ಬದಲಾದ ಪ್ರತಿಯೊಂದು ಪದದ ಗುರುಲಘುಗಳನ್ನೂ, ಅದು ಕುಳಿತ ಗಣದ ಸಂಖ್ಯೆಯನ್ನೂ ಬರೆದುಕೊಂಡು, ಗಣಕ್ಕೆ ಹೊಂದಬಲ್ಲ ಹೊಸ ಪದವಿದ್ದೂ ಹಳೆಯದೇ ಉಳಿದಿದೆಯೇ ಎಂದು ನೋಡುವುದು. ಹೊಂದಬಲ್ಲುದಿದ್ದೂ ಉಳಿದಿದ್ದರೆ ಮಾತ್ರ ಮಮತೆಯ ಮಾತಿಗೆ ಎಡೆಯುಂಟು. ಹಾಡುವಾಗ ಎಳೆದೂ ಮೊಟಕಿಸಿಯೂ ಗಣವನ್ನು ಸರಿದೂಗಿಸುವ ಸ್ವಾತಂತ್ರ್ಯ ಜನಪದಕ್ಕೆ ಧಾರಾಳವಾಗಿ ಇರುವುದರಿಂದ, ಈ ಲೆಕ್ಕವನ್ನು ಕಾಗದದ ಮೇಲಲ್ಲದೆ ಧ್ವನಿಮುದ್ರಣವನ್ನು ಕೇಳುತ್ತಲೇ ಮಾಡತಕ್ಕದ್ದು.

ಮೊಮ್ಮಗಳ ಪಾಠಕ್ಕೆ ಬಂದಾಗ ಬದಲಾಗುವುದು ಬರಿಯ ಪದಗಳಲ್ಲ. ಬೀಸುವ ಕೆಲಸವನ್ನು ಹಿಟ್ಟಿನ ಗಿರಣಿ ತೆಗೆದುಕೊಂಡುದರಿಂದ, ಅವಳು ಈ ತ್ರಿಪದಿಯನ್ನು ಕಲ್ಲಿನ ಮುಂದೆ ಕೇಳಿದವಳೇ ಅಲ್ಲ. ಕೇಳಿದ್ದರೆ ಮದುವೆಯ ಸುರಿಗೆ ನೀರಿನ ಹೊತ್ತಿನಲ್ಲಿಯೋ ಕೂಸಿನ ತೊಟ್ಟಿಲ ಬಳಿಯಲ್ಲಿಯೋ ಕೇಳಿರಬೇಕು. ಆಗ ಅಣ್ಣನನ್ನು ಕುರಿತು ಹಾಡಿದ ಪದ ಮದುವಣಗಿತ್ತಿಯನ್ನು ಕುರಿತುದಾಗುತ್ತದೆ. ಒಬ್ಬಳ ಏಕಾಂತದ ಅಳಲು ಹತ್ತು ಜನರ ಮುಂದಿನ ಹರಕೆಯಾಗುತ್ತದೆ. ಅತ್ತೆಯ ಮನೆಯ ಮೇಲಿನ ದೂರುಗಳು ಸಭೆಗೆ ಸಲ್ಲವೆಂದು ಕಳಚಿಬೀಳುತ್ತವೆ. ನಸುಕಿನ ಕತ್ತಲೆಯಲ್ಲಿ ಕಲ್ಲಿನ ಸದ್ದಿನ ಮರೆಯಲ್ಲಿ ಹೇಳಬಹುದಾಗಿದ್ದ ಮಾತನ್ನು ಬಂಧುಗಳ ಎದುರಿನಲ್ಲಿ ಹೇಳಲಾಗದು. ಆದುದರಿಂದ ಮೊಮ್ಮಗಳ ಪದಗಳು ಕಡಮೆಯಾದುವೆಂದು ಎಣಿಸುವುದಕ್ಕಿಂತ, ಅಜ್ಜಿಯ ಪದಗಳಲ್ಲಿ ಯಾವ ಬಗೆಯವು ಹೊಸ ಸಂದರ್ಭಕ್ಕೆ ದಾಟಿದುವು, ಯಾವ ಬಗೆಯವು ದಾಟಲಿಲ್ಲವೆಂದು ವಿಂಗಡಿಸುವುದು ಸಾರ್ಥಕ. ಹರಕೆ ದಾಟಿ ದೂರು ದಾಟದಿದ್ದರೆ, ಹೆಂಗಸರ ಬಾಯಿಂದ ಮರೆಯಾದುದು ಇಂತಿಷ್ಟು ಹಾಡುಗಳಲ್ಲ. ದೂರನ್ನು ಹೇಳಿಕೊಳ್ಳುವುದಕ್ಕೆ ಇದ್ದ ಒಂದು ಎಡೆ.

ಮೊಮ್ಮಗಳ ಬಾಯಿಂದ ಬಂದ ತ್ರಿಪದಿಯೆಲ್ಲವೂ ಮನೆಯಿಂದಲೇ ಬಂದುದೆಂದು ತಿಳಿಯುವುದೂ ಅಪಾಯ. ಶಾಲೆಯ ಪಠ್ಯಪುಸ್ತಕದಲ್ಲಿ ಗರತಿಯ ಹಾಡುಗಳುಂಟು, ಕ್ಯಾಸೆಟ್ಟಿನ ಕಾಲದಿಂದ ಜನಪದ ಗೀತೆಗಳ ಮುದ್ರಿಕೆಗಳುಂಟು, ಈಗ ಫೋನಿನಲ್ಲಿ ಇನ್ನೂ ಹೆಚ್ಚು ಉಂಟು. ಇವುಗಳನ್ನು ಗುರುತಿಸುವ ಲಕ್ಷಣಗಳಿವೆ. ಮುದ್ರಿತ ಪಾಠದಿಂದ ಬಂದ ಪದದಲ್ಲಿ ಅವಳ ಉಳಿದ ಮಾತಿನಲ್ಲಿ ಕಾಣದ ಗ್ರಂಥಸ್ಥ ರೂಪಗಳು ತಲೆದೋರುತ್ತವೆ. ಮುದ್ರಿಕೆಯಿಂದ ಬಂದ ಪದದ ನುಡಿಗಳಿಗೆ ನಿಶ್ಚಿತವಾದ ಸಂಖ್ಯೆಯೂ ಕ್ರಮವೂ ಇರುತ್ತದೆ. ನುಡಿನುಡಿಗಳ ನಡುವೆ ವಾದ್ಯಕ್ಕೆ ಬಿಟ್ಟಷ್ಟೇ ಕಾಲ ಅವಳು ಅರಿಯದೆಯೇ ನಿಲ್ಲುತ್ತಾಳೆ. ಎಲ್ಲಕ್ಕಿಂತ ಮಿಗಿಲಾಗಿ, ಸಂಬಂಧವೇ ಇಲ್ಲದ ದೂರದ ಹಳ್ಳಿಯ ಹುಡುಗಿಯೂ ಅದನ್ನು ಅಕ್ಷರಶಃ ಹಾಗೆಯೇ ಹಾಡುತ್ತಾಳೆ. ಅಂತಹ ಪದವನ್ನು ತಿರಸ್ಕರಿಸಬೇಕಾಗಿಲ್ಲ. ಹಾಡಿನ ವಂಶವೃಕ್ಷದಲ್ಲಿ ಅದರ ತಾಯಿ ಪುಸ್ತಕವೆಂದೋ ಮುದ್ರಿಕೆಯೆಂದೋ ಬರೆದುಕೊಂಡರೆ ಸಾಕು.

ಗಂಡಸರ ಹಾಡುಗಳನ್ನು ಆರಿಸಿಕೊಳ್ಳುವವರಿಗೆ ಹೆಂಗಸರ ಹಾಡಿನ ವಂಶವೃಕ್ಷಕ್ಕೆ ವಿಲೋಮವಾದ ಚಿತ್ರ ದೊರೆಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಮೊಹರಮ್ಮಿಗೆ ಹೆಸರಾದ ಊರು. ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಅಲಾಯಿ ಹಬ್ಬದಲ್ಲಿ ಕುಣಿದು ರಿವಾಯತ್ ಪದಗಳನ್ನು ಹಾಡುತ್ತಾರೆ. ಗಂಡುಮಕ್ಕಳು ಹುಟ್ಟಿದ ಊರಿನಲ್ಲಿಯೇ ಉಳಿಯುವವರಾದ್ದರಿಂದ ಇಲ್ಲಿ ಊರೇ ಹಾಡಿನ ಮನೆ. ಮುತ್ಯಾ, ಅಪ್ಪ, ಮಗ ಎಂಬ ಸರಣಿಗೆ ಹಾಡಿನ ಸರಣಿ ಬಹುಮಟ್ಟಿಗೆ ಹೊಂದುತ್ತದೆ. ಪದಗಳನ್ನು ಬರೆದಿಟ್ಟುಕೊಳ್ಳುವ ವಹಿಗಳೂ, ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರನ್ನು ಸೇರಿಸುವ ವಾಡಿಕೆಯೂ ಉಂಟಾಗಿ, ಬದಲಾವಣೆಗೆ ಕಡಿವಾಣವೂ ಇದೆ. ಒಂದೇ ಮನೆಯ ಹೆಂಗಸರ ಬೀಸುವ ಪದಗಳನ್ನೂ ಗಂಡಸರ ರಿವಾಯತ್ ಪದಗಳನ್ನೂ ಪಕ್ಕದಲ್ಲಿಟ್ಟು ನೋಡಬಲ್ಲ ವಿದ್ಯಾರ್ಥಿಗೆ ಮತ್ತೊಂದು ಪೂರ್ಣಪ್ರಮಾಣದ ಯೋಜನೆ ಕಾದಿದೆ.

ಕಡೆಯದಾಗಿ ಒಂದು ಧರ್ಮದ ವಿಷಯ. ಬೀಸುವ ಪದಗಳಲ್ಲಿ ಅತ್ತೆ ನಾದಿನಿಯರ ಹೆಸರೂ ನಿಂದೆಯೂ ಸೇರಿರುವುದುಂಟು. ಅವರ ಮಕ್ಕಳು ಮೊಮ್ಮಕ್ಕಳು ಅದೇ ಓಣಿಯಲ್ಲಿ ಬದುಕಿರುತ್ತಾರೆ. ಯಾವುದನ್ನು ಕಾಲೇಜಿಗೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಕೂಡದು ಎಂಬುದನ್ನು ಹಾಡಿದವಳೇ ತೀರ್ಮಾನಿಸಬೇಕು, ಅದೂ ತನ್ನ ಹಾಡನ್ನು ತಾನು ಮತ್ತೊಮ್ಮೆ ಕೇಳಿದ ಮೇಲೆ. ಧ್ವನಿಮುದ್ರಣದ ಪ್ರತಿಯೊಂದು ಆ ಮನೆಯವರ ಫೋನಿಗೆ ಸೇರಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಕನ್ನಡ ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆ. ಮೂರು ಊರುಗಳ ಕಾಲೇಜುಗಳು ಈ ವಿಷಯವನ್ನು ಬೇರೆಬೇರೆಯಾಗಿ ಕೊಡುವುದಕ್ಕಿಂತ ಒಟ್ಟಿಗೆ ಕೊಡಲಿ. ದಢೇಸುಗೂರಿನ ಅಜ್ಜಿಯ ಪದಗಳನ್ನು ಸಿಂಧನೂರಿನ ವಿದ್ಯಾರ್ಥಿನಿ ಮುದ್ರಿಸಿಕೊಂಡು ಬಂದ ವಾರವೇ, ಆ ಅಜ್ಜಿಯ ತವರಿನಲ್ಲಿ ಉಳಿದಿರುವ ಅಣ್ಣತಮ್ಮಂದಿರ ಮನೆಗೆ ಲಿಂಗಸುಗೂರಿನ ವಿದ್ಯಾರ್ಥಿ ಹೋಗಲಿ. ಸೊಸೆಯ ತವರಿಗೆ ಮಸ್ಕಿಯವರು ಹೋಗಲಿ. ಹೊರಗೆ ಕೊಟ್ಟ ಹೆಣ್ಣುಮಕ್ಕಳ ಊರುಗಳಿಗೆ ಯಾರು ಸಮೀಪವೋ ಅವರು ಹೋಗಲಿ. ಕಾಲುವೆಗೆ ಮುಂಚೆ ಜೋಳ ಬೀಸಿದ ಹೆಂಗಸರಿಗೆ ಈಗ ಎಂಬತ್ತು ದಾಟುತ್ತಿದೆ. ಅವರ ಎದುರಿಗೆ ಕುಳಿತು ಬೀಸಿದವರ ಹೆಸರುಗಳನ್ನು ಅವರಲ್ಲದೆ ಬೇರೆ ಯಾರೂ ಹೇಳಲಾರರು. ಈ ವರ್ಷವೇ ಹೋಗಿ ಕೇಳಿರಿ.